ತಗಡಿನ ಚಾವಣಿ ಸೋರದಂತೆ ಶೀಟು ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆ ದನದ ಕೊಟ್ಟಿಗೆಗೋ ರೇಷ್ಮೆ ಹುಳುಮನೆಗೋ ಅಲೆ ಅಲೆಯ ಜಿಂಕ್ ಶೀಟು ಹಾಕಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಉತ್ತರಗಳೆಲ್ಲ ಒಂದೇ ಉದಾಹರಣೆಯ ಸುತ್ತ ಇವೆ: 29 ಅಡಿ ಉದ್ದದ, ಒಂದೇ ಪಕ್ಕಕ್ಕೆ ಇಳಿಜಾರಿರುವ ಕೊಟ್ಟಿಗೆ. ಕಲ್ಲುಕಂಬ, ಅದರ ಮೇಲೆ ಶೀಟು ಹೊರಲು ಅಡ್ಡಡ್ಡ ಬೆಸೆದ ಕಬ್ಬಿಣದ ಚೌಕ ಪೈಪು, ಅಂದರೆ ಪರ್ಲಿನ್, ಮೇಲೆ 8 ಅಡಿಯ ಶೀಟುಗಳ ಎರಡು ಸಾಲು. ನಿಮ್ಮ ಅಳತೆ ಬೇರೆ ಇದ್ದರೂ ಲೆಕ್ಕ ಹಾಕುವ ದಾರಿ ಇದೇ.

ಶೀಟು ಹೊಸದು, ಎಲ್ಲೂ ತೂತಿಲ್ಲ. ಆದರೂ ಮೊದಲ ಮಳೆಗೇ ಸೋರಿತು. ಯಾಕೆ?

ಹೊಸ ಶೀಟು ತಾನಾಗಿ ಸೋರುವುದಿಲ್ಲ. ನೀರು ಒಳಗೆ ಬರುವುದು ನಾವೇ ಮಾಡಿದ ಜಾಗಗಳಿಂದ: ಸ್ಕ್ರೂ ಹೊಡೆದ ತೂತು, ಎರಡು ಶೀಟು ಅಕ್ಕಪಕ್ಕ ಸೇರುವ ಜಾಗ, ಮೇಲಿನ ಶೀಟು ಕೆಳಗಿನದರ ಮೇಲೆ ಕೂರುವ ಜಾಗ.

ಸ್ಕ್ರೂ ತೂತಿನ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಶೀಟು ಸೇರುವ ಜಾಗದ ವಿಷಯ ಹಾಗಲ್ಲ. ಒಂದರ ಮೇಲೊಂದು ಒತ್ತಿಕೊಂಡ ಎರಡು ತಗಡಿನ ನಡುವೆ ಕೂದಲೆಳೆಯಷ್ಟು ಸಂದು ಇದ್ದರೆ, ನೀರು ಆ ಸಂದಿನಲ್ಲಿ ತಾನಾಗಿ ಹೀರಿಕೊಂಡು ಮೇಲಕ್ಕೂ ಏರುತ್ತದೆ. ಅದರ ಜೊತೆ ಗಾಳಿ ಸೇರಿಕೊಂಡರೆ ಇನ್ನಷ್ಟು ಒಳಗೆ ತಳ್ಳುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೆಟ್ಟಗೆ ಬೀಳುವುದು ಅಪರೂಪ. ಬಿರುಗಾಳಿಯ ಜೊತೆ ಅಡ್ಡಡ್ಡ ಬಡಿಯುತ್ತದೆ. ಬಕೆಟ್ಟಿನಲ್ಲಿ ನೀರು ಸುರಿದು ನೋಡಿದಾಗ ಸೋರದ ಚಾವಣಿ ಅಂಥ ಮಳೆಗೆ ಸೋರುವುದು ಇದಕ್ಕೇ. ಓವರ್‌ಲ್ಯಾಪ್ ಎಷ್ಟು ಬಿಡಬೇಕು ಅನ್ನುವ ಲೆಕ್ಕವೆಲ್ಲ ಈ ಹೀರುವಿಕೆಗೂ ಗಾಳಿಗೂ ಉತ್ತರವಾಗಿ ಬಂದದ್ದು.

ಪರ್ಲಿನ್ ಎಷ್ಟೆಷ್ಟು ದೂರಕ್ಕೆ ಹಾಕಿಸಬೇಕು?

ವೆಲ್ಡಿಂಗ್‌ನವರು ಪರ್ಲಿನ್ ಬೆಸೆದು ಮುಗಿಸಿದ ಮೇಲೆ ಶೀಟು ತರಲು ಹೋಗುವುದು ನಮ್ಮಲ್ಲಿ ರೂಢಿ. ಅದನ್ನು ತಿರುಗಿಸಬೇಕು. ಯಾವ ಉದ್ದದ ಶೀಟು ಅನ್ನುವುದು ಮೊದಲು ತೀರ್ಮಾನವಾಗಲಿ, ಪರ್ಲಿನ್ ಅದಕ್ಕೆ ಹೊಂದಿಕೊಂಡು ಕೂರಲಿ. ಯಾಕೆಂದರೆ ಮೇಲಿನ ಶೀಟು ಕೆಳಗಿನ ಶೀಟಿನ ಮೇಲೆ ಕೂರುವ ಜಾಗದ ಅಡಿಯಲ್ಲೇ ಒಂದು ಪರ್ಲಿನ್ ಇರಬೇಕು. ಆ ಸೇರುವೆ ಎರಡು ಪರ್ಲಿನ್ ನಡುವೆ ಗಾಳಿಯಲ್ಲಿ ನಿಂತರೆ ಅದನ್ನು ಬಿಗಿಯಾಗಿ ಅದುಮಲು ಏನೂ ಇರುವುದಿಲ್ಲ. ಶೀಟು ಜೋತು ಬಿದ್ದು ಸಂದು ಬಾಯಿ ಬಿಡುತ್ತದೆ.

ನಮ್ಮ ಕೊಟ್ಟಿಗೆಯನ್ನೇ ನೋಡೋಣ. 8 ಅಡಿಯ ಎರಡು ಶೀಟು, ಅಂದರೆ 96 ಇಂಚು ಮತ್ತು 96 ಇಂಚು. ನಡುವೆ 8 ಇಂಚು ಓವರ್‌ಲ್ಯಾಪ್ ಬಿಟ್ಟರೆ ಇಳಿಜಾರಿನ ಉದ್ದ 184 ಇಂಚು. ಸೂರಿನ ಕಡೆ ಶೀಟು ಪರ್ಲಿನ್‌ನಿಂದ 6 ಇಂಚು ಆಚೆ ಚಾಚಲಿ, ಮೇಲ್ತುದಿಯಲ್ಲಿ 4 ಇಂಚು ಸಾಕು. ಶೀಟಿನ ಕೆಳತುದಿಯಿಂದ ಅಳೆಯುತ್ತಾ ಹೋದರೆ ಮೊದಲ ಪರ್ಲಿನ್ 6 ಇಂಚಿಗೆ. ಓವರ್‌ಲ್ಯಾಪ್ 88ರಿಂದ 96ನೇ ಇಂಚಿನವರೆಗೆ ಬರುತ್ತದೆ, ಆದ್ದರಿಂದ ಒಂದು ಪರ್ಲಿನ್ ಸರಿಯಾಗಿ 92ಕ್ಕೆ ಬೇಕು. ಕೊನೆಯದು 180ಕ್ಕೆ. ಇವುಗಳ ನಡುನಡುವೆ ಒಂದೊಂದು, 49ಕ್ಕೆ ಮತ್ತು 136ಕ್ಕೆ. ಒಟ್ಟು ಐದು ಪರ್ಲಿನ್, ಅಂತರ 43 ಅಥವಾ 44 ಇಂಚು. ಅರ್ಧ ಮಿಲಿಮೀಟರ್ ದಪ್ಪದ ಶೀಟಿಗೆ ಇದು ಸರಿಯಾದ ಅಂತರ. ಅದಕ್ಕಿಂತ ತೆಳು ಶೀಟು ಕೊಂಡರೆ ಪರ್ಲಿನ್ ಮೂರು ಅಡಿಗೊಂದರಂತೆ ಹತ್ತಿರ ತನ್ನಿ. ಇಲ್ಲದಿದ್ದರೆ ರಿಪೇರಿಗೆ ಹತ್ತಿದವರ ಭಾರಕ್ಕೆ ಅಲೆ ಚಪ್ಪಟೆಯಾಗಿ, ಮುಂದೆ ಅಲ್ಲೇ ನೀರು ನಿಲ್ಲುತ್ತದೆ.

ಒಂದೇ ಸಮ 40 ಇಂಚಿಗೊಂದು ಅಂತ ಪರ್ಲಿನ್ ಬೆಸೆದಿದ್ದರೆ ಏನಾಗುತ್ತಿತ್ತು? 6, 46, 86, 126 ಹೀಗೆ ಬರುತ್ತವೆ. 88ರಿಂದ 96ರ ನಡುವೆ ಒಂದೂ ಇಲ್ಲ. ನೋಡಲು ಅಚ್ಚುಕಟ್ಟು, ಆದರೆ ಸೇರುವೆ ಅಂತರದಲ್ಲಿ.

ಇಳಿಜಾರು ಎಷ್ಟಿರಬೇಕು?

ನಮ್ಮ ಕೊಟ್ಟಿಗೆಯಲ್ಲಿ ನೆಲದ ಅಳತೆಗೆ 15 ಅಡಿ ಅಡ್ಡ, ಅದಕ್ಕೆ 3 ಅಡಿ ಎತ್ತರ, ಅಂದರೆ 5ಕ್ಕೆ 1. ಇಷ್ಟಿದ್ದರೆ 8 ಇಂಚಿನ ಓವರ್‌ಲ್ಯಾಪ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಇನ್ನೂ ಕಡಿದಾದ ಇಳಿಜಾರಿಗೆ 6 ಇಂಚು ಸಾಕಾಗುತ್ತದೆ. 6ಕ್ಕೆ 1ಕ್ಕಿಂತ ಚಪ್ಪಟೆಯಾದರೆ ನನ್ನ ಸಲಹೆ ಬೇರೆಯೇ: ಮೇಲೆ-ಕೆಳಗೆ ಸೇರಿಸುವ ಕೆಲಸವೇ ಬೇಡ. ಸೂರಿನಿಂದ ತುದಿಯವರೆಗೆ ಒಂದೇ ಉದ್ದದ ಶೀಟು ಕತ್ತರಿಸಿ ಕೊಡುವ ಅಂಗಡಿಯಿಂದ ತರಿಸಿ. ಬಣ್ಣದ ಶೀಟುಗಳು ಬೇಕಾದ ಉದ್ದಕ್ಕೆ ಸಿಗುತ್ತವೆ. ಸಾಗಿಸುವುದು ಸ್ವಲ್ಪ ಕಷ್ಟ, ಆದರೆ ಸೋರುವ ಮೂರು ಜಾಗಗಳಲ್ಲಿ ಒಂದು ಪೂರ್ತಿ ಇಲ್ಲವಾಗುತ್ತದೆ.

ಅಕ್ಕಪಕ್ಕದ ಶೀಟುಗಳ ಓವರ್‌ಲ್ಯಾಪ್ ಎಷ್ಟು ಅಲೆ ಬಿಡಬೇಕು? ಒಂದು ಅಲೆ ಸಾಲದೆ?

ಸಾಲದು. ಒಂದೂವರೆ ಅಲೆ ಬೇಕು. ಕಾರಣ ತಿಳಿಯಬೇಕಾದರೆ ಶೀಟಿನ ಎರಡೂ ಅಂಚನ್ನು ನೋಡಿ. ಜಿಂಕ್ ಶೀಟಿನ ಅಲೆ ಸುಮಾರು 3 ಇಂಚು ಅಗಲ, ಮುಕ್ಕಾಲು ಇಂಚು ಎತ್ತರ. ನಮ್ಮ ಉದಾಹರಣೆಯ ಶೀಟಿನಲ್ಲಿ ಹತ್ತೂವರೆ ಅಲೆ ಇವೆ, ಅಗಲ ಮೂವತ್ತೊಂದೂವರೆ ಇಂಚು. ಆ ಅರ್ಧ ಅಲೆಯಿಂದಾಗಿ ಒಂದು ಅಂಚು ಮೇಲಕ್ಕೆ ನಿಲ್ಲುತ್ತದೆ, ಇನ್ನೊಂದು ಕೆಳಕ್ಕೆ ಬಾಗುತ್ತದೆ. ಮೇಲಕ್ಕೆ ನಿಂತ ಅಂಚು ಅಡಿಯಲ್ಲಿರಬೇಕು, ಕೆಳಕ್ಕೆ ಬಾಗಿದ ಅಂಚು ಅದರ ಮೇಲೆ ಹೊದ್ದುಕೊಳ್ಳಬೇಕು. ಆಗ ಮೇಲಿನ ಶೀಟಿನ ಅಂಚು ತಗ್ಗಿನಲ್ಲಿ ಕೂರುತ್ತದೆ. ಅಲ್ಲಿಂದ ನೀರು ಒಳಗೆ ನುಗ್ಗಿದರೂ ಒಂದು ಪೂರ್ತಿ ಉಬ್ಬು ಹತ್ತಿ ಇಳಿಯಬೇಕು, ಆಮೇಲೆ ಮತ್ತೊಂದು ಉಬ್ಬಿನ ನೆತ್ತಿಗೆ ಏರಬೇಕು. ಅಡಿಯ ಶೀಟಿನ ಅಂಚು ಇರುವುದು ಆ ನೆತ್ತಿಯಲ್ಲಿ. ಮೊದಲ ಉಬ್ಬು ದಾಟಿದ ನೀರೂ ನಡುವಿನ ತಗ್ಗಿನಲ್ಲಿ ಹರಿದು ಸೂರಿಗೆ ಹೋಗಿಬಿಡುತ್ತದೆ.

ಅಲೆಯೊಳಗೆ ಅಲೆ ಕೂರಬೇಕಾದ್ದರಿಂದ ಶೀಟನ್ನು ಮನಸ್ಸಿಗೆ ಬಂದಷ್ಟು ಸರಿಸಲು ಬರುವುದಿಲ್ಲ, ಒಂದೊಂದು ಪೂರ್ತಿ ಅಲೆಯಂತೆಯೇ ಸರಿಸಬೇಕು. ಹತ್ತೂವರೆ ಅಲೆಯ ಶೀಟಿನಲ್ಲಿ ಓವರ್‌ಲ್ಯಾಪ್ ಅರ್ಧ ಅಲೆ, ಒಂದೂವರೆ ಅಲೆ, ಇಲ್ಲವೇ ಎರಡೂವರೆ ಅಲೆ. ಬೇರೆ ಅಳತೆ ಇಲ್ಲ.

ಸೋರುವ ಚಾವಣಿಗಳು ಹುಟ್ಟುವುದು ಇಲ್ಲೇ. ಒಂದೂವರೆ ಅಲೆ ಬಿಟ್ಟರೆ ಪ್ರತಿ ಶೀಟು ಮುಚ್ಚುವುದು 9 ಅಲೆ, ಅಂದರೆ 27 ಇಂಚು. ನಮ್ಮ ಕೊಟ್ಟಿಗೆ 29 ಅಡಿ, ಅಂದರೆ 348 ಇಂಚು. ಹದಿಮೂರು ಶೀಟು ಕೂರಿಸಿದರೆ ಹನ್ನೆರಡು ಸಲ 27, ಅದಕ್ಕೆ ಕೊನೆಯ ಶೀಟಿನ ಪೂರ್ತಿ ಅಗಲ ಮೂವತ್ತೊಂದೂವರೆ ಸೇರಿ 355 ಇಂಚು ಮತ್ತರ್ಧ. ಎರಡೂ ಪಕ್ಕಕ್ಕೆ ಮೂರು ಮುಕ್ಕಾಲು ಇಂಚು ಚಾಚಿಕೊಳ್ಳುತ್ತದೆ, ಚೆನ್ನಾಗಿದೆ. ಎರಡು ಸಾಲಿಗೆ 26 ಶೀಟು. ಈಗ ಯಾರೋ ಹೇಳುತ್ತಾರೆ, ಅರ್ಧ ಅಲೆ ಬಿಟ್ಟರೆ ಹನ್ನೆರಡರಲ್ಲೇ ಮುಗಿಯುತ್ತದೆ ಎಂದು. ಲೆಕ್ಕ ತಪ್ಪಿಲ್ಲ: ಹನ್ನೊಂದು ಸಲ 30, ಅದಕ್ಕೆ ಮೂವತ್ತೊಂದೂವರೆ ಸೇರಿ 361 ಇಂಚು ಮತ್ತರ್ಧ, ಕೊಟ್ಟಿಗೆ ಮುಚ್ಚುತ್ತದೆ. ಎರಡು ಶೀಟಿನ ದುಡ್ಡು ಉಳಿಯುತ್ತದೆ. ಆದರೆ ಅರ್ಧ ಅಲೆಯ ಸೇರುವೆಯಲ್ಲಿ ನೀರು ಮುಕ್ಕಾಲು ಇಂಚು ಏರಿದರೆ ನೇರ ಒಳಗೆ. ಹನ್ನೊಂದು ಸೇರುವೆಯೂ ಸೂರಿನಿಂದ ತುದಿಯವರೆಗೆ ಸೋರುವ ಗೆರೆಗಳಾಗುತ್ತವೆ. ಅದನ್ನು ಆಮೇಲೆ ಯಾವ ಅಂಟಿನಿಂದಲೂ ಸರಿ ಮಾಡಲಾಗದು. ಪೂರ್ತಿ ಬಿಚ್ಚಿ ಮತ್ತೆ ಹಾಕಬೇಕು, ಹಳೆಯ ತೂತುಗಳು ಬೇರೆ ಉಳಿದಿರುತ್ತವೆ.

ನಿಮ್ಮ ಶೀಟಿನಲ್ಲಿ ಎರಡೂ ಅಂಚು ಕೆಳಕ್ಕೇ ಬಾಗಿದ್ದರೆ ಅದು ಪೂರ್ತಿ ಅಲೆಗಳ ಶೀಟು. ಅದಕ್ಕೆ ಎರಡು ಅಲೆ ಓವರ್‌ಲ್ಯಾಪ್ ಬಿಡಿ.

ಬಣ್ಣದ ಶೀಟಿಗೆ ಒಂದೇ ಉಬ್ಬು ಸಾಕು ಅನ್ನುತ್ತಾರಲ್ಲ?

ಹೌದು, ಚಪ್ಪಟೆ ತಲೆಯ ದೊಡ್ಡ ಉಬ್ಬಿರುವ ಬಣ್ಣದ ಶೀಟುಗಳನ್ನು ಒಂದು ಉಬ್ಬಿನ ಮೇಲೆ ಒಂದು ಕೂರುವಂತೆಯೇ ಮಾಡಿರುತ್ತಾರೆ. ಅವುಗಳಲ್ಲಿ ಅನೇಕ ಶೀಟುಗಳ ಒಂದು ಅಂಚಿನ ಉಬ್ಬಿನಲ್ಲಿ ಉದ್ದಕ್ಕೂ ಸಣ್ಣ ಗೀರಿನಂಥ ಕಾಲುವೆ ಇರುತ್ತದೆ, ಅಥವಾ ಪರ್ಲಿನ್ ಮೇಲೆ ಊರಿಕೊಳ್ಳುವ ಪುಟ್ಟ ಕಾಲು. ಆ ಅಂಚು ಅಡಿಯಲ್ಲಿರಬೇಕು. ಹೀರಿಕೊಂಡು ಬಂದ ನೀರು ಆ ಕಾಲುವೆಯಲ್ಲಿ ನಿಂತು ಕೆಳಗೆ ಹರಿಯುತ್ತದೆ. ತಿರುಗಾಮುರುಗಾ ಹಾಕಿದರೆ ಆ ಅನುಕೂಲ ಹೋಯಿತು.

ಯಾವ ಕಡೆಯಿಂದ ಹಾಕುತ್ತಾ ಬರಬೇಕು?

ಮಳೆಗಾಳಿ ಯಾವ ಕಡೆಯಿಂದ ಬರುತ್ತದೋ ಅದರ ಎದುರು ತುದಿಯಿಂದ. ಗಾಳಿ ಪಡುವಣದಿಂದ ಬೀಸುವುದಾದರೆ ಮೂಡಣದ ತುದಿಯಿಂದ ಶುರು ಮಾಡಿ ಪಡುವಣಕ್ಕೆ ಬನ್ನಿ. ಪ್ರತಿ ಹೊಸ ಶೀಟು ಹಿಂದಿನದರ ಮೇಲೆ ಹೊದ್ದುಕೊಳ್ಳುವುದರಿಂದ ಸೇರುವೆಯ ಬಾಯಿ ಮೂಡಣಕ್ಕೆ ತೆರೆದಿರುತ್ತದೆ, ಗಾಳಿ ಅದರ ಬೆನ್ನ ಮೇಲೆ ಹಾಯುತ್ತದೆ.

ಜೂನ್‌ನಿಂದ ಮುಂಗಾರಿನ ಗಾಳಿ ಪಡುವಣ, ನೈಋತ್ಯದ ಕಡೆಯಿಂದ. ತುಮಕೂರಿನ ಕಡೆಯವರು ಅದನ್ನೇ ಹಿಡಿದರೆ ಸಾಕು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಅಕ್ಟೋಬರ್, ನವೆಂಬರ್‌ನ ಹಿಂಗಾರು ಈಶಾನ್ಯದಿಂದ ಬರುವುದೂ ಲೆಕ್ಕಕ್ಕೆ ಬೇಕು. ಎರಡಕ್ಕೂ ಒಟ್ಟಿಗೆ ಬೆನ್ನು ಕೊಡಲು ಆಗುವುದಿಲ್ಲ. ಒಂದು ಪಕ್ಕ ತೋಪೋ ಮನೆಯೋ ಅಡ್ಡವಿದ್ದು, ಇನ್ನೊಂದು ಪಕ್ಕ ಕೆರೆಯಂಗಳವೋ ಬಯಲೋ ಇದ್ದರೆ, ಬಯಲಿನ ಕಡೆಯ ಗಾಳಿಗೆ ಬೆನ್ನು ಕೊಡಿ.

ಮೊದಲ ಶೀಟು ಸೂರಿಗೆ ಸರಿಯಾಗಿ ಮೂಲೆಮಟ್ಟಕ್ಕೆ ಕೂರಲಿ. ಸೂರಿನ ಪರ್ಲಿನ್ ಮೇಲೆ 6 ಅಡಿ, ಶೀಟಿನ ಅಂಚಿನ ಮೇಲೆ 8 ಅಡಿ ಗುರುತು ಹಾಕಿ, ಓರೆಯಾಗಿ 10 ಅಡಿ ಬರುತ್ತದೆಯೇ ನೋಡಿ. ಇಲ್ಲಿ ಅರ್ಧ ಇಂಚು ತಪ್ಪಿದರೂ ಹದಿಮೂರನೇ ಶೀಟಿನ ಹೊತ್ತಿಗೆ ಸೂರು ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಅದನ್ನು ಸರಿದೂಗಿಸಲು ಎಳೆದಾಡಿದಾಗ ಅಲೆಗಳು ಒಂದರೊಳಗೊಂದು ಕೂರದೆ ಎದ್ದು ನಿಲ್ಲುತ್ತವೆ. ಎರಡು ಸಾಲು ಇರುವಾಗ ಕೆಳಗಿನ ಸಾಲನ್ನು ಪೂರ್ತಿ ಮುಗಿಸಬೇಡಿ. ಕೆಳಗಿನದೊಂದು, ಅದರ ಮೇಲಿನದೊಂದು, ಆಮೇಲೆ ಪಕ್ಕದ ಜೋಡಿ, ಹೀಗೆ ಸಾಗಬೇಕು.

ಮೇಲೆ-ಕೆಳಗಿನ ಓವರ್‌ಲ್ಯಾಪ್‌ನಲ್ಲಿ ಅಂಟುಪಟ್ಟಿ ಬೇಕೇ ಬೇಕೆ?

ಕಡಿದಾದ ಇಳಿಜಾರಿಗೆ ಇಲ್ಲದೆಯೂ ನಡೆಯುತ್ತದೆ. 5ಕ್ಕೆ 1ರ ಇಳಿಜಾರಿಗೆ ಹಾಕಿಸಿ ಎಂದೇ ನಾನು ಹೇಳುವುದು. ಬ್ಯುಟೈಲ್ ಟೇಪ್ ಎಂದು ಕೇಳಿ. ಒಣಗಿ ಗಟ್ಟಿಯಾಗದ, ಜಿಗುಟಾದ ಪಟ್ಟಿ. ಅದನ್ನು ಕೆಳಗಿನ ಶೀಟಿನ ಮೇಲೆ, ಅಲೆಯ ಏರಿಳಿತಕ್ಕೆ ಸರಿಯಾಗಿ ಒತ್ತುತ್ತಾ ಎರಡು ಸಾಲು ಅಂಟಿಸಬೇಕು. ಒಂದು ಸಾಲು ಮೇಲಿನ ಶೀಟಿನ ಕೆಳತುದಿ ಬರುವ ಜಾಗದಿಂದ ಒಂದಿಂಚು ಒಳಗೆ, ಇನ್ನೊಂದು ಕೆಳಗಿನ ಶೀಟಿನ ಮೇಲ್ತುದಿಯಿಂದ ಒಂದಿಂಚು ಕೆಳಗೆ. ಸ್ಕ್ರೂ ಸಾಲು ಎರಡರ ನಡುವೆ, ಪರ್ಲಿನ್ ಮೇಲೆ ಬೀಳುತ್ತದೆ. ಉಬ್ಬಿನ ಮೇಲೆ ಪಟ್ಟಿ ಎಳೆದು ತಗ್ಗಿಗೆ ಮುಟ್ಟಿಸದೆ ಬಿಟ್ಟರೆ ಪ್ರಯೋಜನವಿಲ್ಲ. ನೀರು ಹರಿಯುವುದೇ ತಗ್ಗಿನಲ್ಲಿ. ನಮ್ಮ ಕೆಂಪು ಮಣ್ಣಿನ ಧೂಳು ಶೀಟಿನ ಮೇಲೆ ಕೂತಿರುತ್ತದೆ, ಒಣಬಟ್ಟೆಯಲ್ಲಿ ಒರೆಸದೆ ಅಂಟಿಸಿದರೆ ಪಟ್ಟಿ ಧೂಳಿಗೆ ಅಂಟುತ್ತದೆ, ತಗಡಿಗಲ್ಲ.

ಯಾವ ಸ್ಕ್ರೂ ತರಬೇಕು? ಅಂಗಡಿಯಲ್ಲಿ ಹತ್ತು ಬಗೆ ತೋರಿಸುತ್ತಾರೆ.

ಕಬ್ಬಿಣದ ಪರ್ಲಿನ್‌ಗೆ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, 12 ನಂಬರ್, ಆರು ಮೂಲೆಯ ತಲೆ. ತುದಿಯಲ್ಲಿ ಡ್ರಿಲ್ ಬಿಟ್ಟಿನಂಥ ಮೊನೆ ಇರುವುದರಿಂದ ಬೇರೆ ತೂತು ಹಾಕಬೇಕಿಲ್ಲ. ಕೂರಿಸಲು 8 ಮಿ.ಮೀ. ಸಾಕೆಟ್.

ಉದ್ದವನ್ನು ಕೂಡಿಸಿ ನೋಡಬೇಕು. ಉಬ್ಬಿನ ಎತ್ತರ ಸುಮಾರು 18 ಮಿ.ಮೀ. ನಾಲ್ಕು ಶೀಟಿನ ಮೂಲೆಗಳು ಸೇರುವ ಜಾಗದಲ್ಲಿ ತಗಡಿನ ದಪ್ಪ 2 ಮಿ.ಮೀ. ವಾಷರ್‌ಗೆ 3, ಪೈಪಿನ ಗೋಡೆಗೆ 2. ಮೊನೆ ಪೂರ್ತಿ ಆಚೆ ಹೋಗಿ ತಿರುಪಿನ ಮೂರು ಸುತ್ತಾದರೂ ಕಬ್ಬಿಣ ದಾಟಿರಬೇಕು, ಅದಕ್ಕೆ 10 ಇಟ್ಟುಕೊಳ್ಳಿ. ಒಟ್ಟು 35. ಆದ್ದರಿಂದ 45 ಅಥವಾ 50 ಮಿ.ಮೀ. ಸ್ಕ್ರೂ ಸರಿ, ಎಲ್ಲ ಕಡೆ ಸಿಗುವ 55 ಕೂಡ ನಡೆಯುತ್ತದೆ, ಪೈಪು 40 ಮಿ.ಮೀ. ಎತ್ತರವಿದ್ದರೆ. ಒಂದಿಂಚು ಎತ್ತರದ ಪೈಪಿಗೆ 55 ಹೊಡೆದರೆ ಮೊನೆ ಕೆಳಗಿನ ಗೋಡೆಯನ್ನೂ ಕೊರೆಯಲು ಹೋಗುತ್ತದೆ. ಸ್ಕ್ರೂ ಅಲ್ಲಿ ತಡೆದು, ತಲೆ ಕೂರದೆ ನಿಲ್ಲುತ್ತದೆ.

ಮೊನೆಯಲ್ಲೂ ಬಗೆಗಳಿವೆ. ಸಾಮಾನ್ಯ ಮೂರನೇ ನಂಬರಿನ ಮೊನೆ 4 ಮಿ.ಮೀ. ಸುತ್ತಮುತ್ತಲಿನ ಕಬ್ಬಿಣದವರೆಗೆ ಚೆನ್ನಾಗಿ ಕೊರೆಯುತ್ತದೆ. ಪರ್ಲಿನ್ ಜಾಗದಲ್ಲಿ 6 ಮಿ.ಮೀ. ಆ್ಯಂಗಲ್ ಹಾಕಿದ್ದರೆ ಉದ್ದ ಮೊನೆಯ ಐದನೇ ನಂಬರ್ ಬೇಕು. ಇಲ್ಲದಿದ್ದರೆ ಮೊನೆ ಸುಟ್ಟು ಕಪ್ಪಾಗಿ ನಿಲ್ಲುತ್ತದೆ, ಕೆಲಸದವರು ಮೈಭಾರ ಹಾಕಿ ಒತ್ತುತ್ತಾರೆ, ಶೀಟು ತಗ್ಗಾಗುತ್ತದೆ.

ತಲೆಯ ಕೆಳಗಿನ ವಾಷರ್‌ನ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಲೋಹದ ಬಿಲ್ಲೆಗೆ ಅಂಟಿಸಿದ ಇಪಿಡಿಎಂ ರಬ್ಬರ್ ಇರಬೇಕು, 16 ಮಿ.ಮೀ. ಅಗಲದ್ದು. ಅಂಗಡಿಯಲ್ಲೇ ಉಗುರಿನಿಂದ ಒತ್ತಿ: ಗುಳಿ ಬಿದ್ದು ತಕ್ಷಣ ಮೇಲೆದ್ದರೆ ಒಳ್ಳೆಯದು. ಗಟ್ಟಿ ಪ್ಲಾಸ್ಟಿಕ್ಕಿನಂತಿದ್ದರೆ, ಬಾಗಿಸಿದಾಗ ಬಿರುಕು ಬಿಟ್ಟರೆ, ಬಿಲ್ಲೆಯಿಂದ ಸುಲಭವಾಗಿ ಕಳಚಿ ಬಂದರೆ ಬೇಡ. ನಮ್ಮ ಬಿಸಿಲಿನಲ್ಲಿ ಅದು ಬೇಗ ಒಣಗಿ ಸೀಳುತ್ತದೆ.

ಸ್ಕ್ರೂ ಉಬ್ಬಿಗೋ, ತಗ್ಗಿಗೋ?

ಚಾವಣಿಗೆ ಉಬ್ಬಿಗೆ. ಮಳೆನೀರೆಲ್ಲ ತಗ್ಗಿನಲ್ಲಿ ಹರಿಯುತ್ತದೆ, ಅಲ್ಲಿ ಹೊಡೆದ ಪ್ರತಿ ಸ್ಕ್ರೂ ನೀರಿನಲ್ಲಿ ಮುಳುಗಿರುತ್ತದೆ. ತಗ್ಗಿಗೆ ಹೊಡೆದರೆ ಶೀಟು ಪರ್ಲಿನ್‌ಗೆ ಅಂಟಿಕೊಂಡಂತೆ ಬಿಗಿಯಾಗುತ್ತದೆ ಎಂಬುದು ನಿಜ. ಅದಕ್ಕೇ ಪಕ್ಕದ ಗೋಡೆಗೆ ನಿಲ್ಲಿಸುವ ಶೀಟಿಗೆ ತಗ್ಗೇ ಸರಿ; ಅಲ್ಲಿ ನೀರು ನಿಲ್ಲುವುದಿಲ್ಲ.

ಅಕ್ಕಪಕ್ಕದ ಸೇರುವೆಯಲ್ಲಿ ಎರಡು ಉಬ್ಬು ಒಂದರ ಮೇಲೊಂದು ಬರುತ್ತವೆ. ಅವುಗಳಲ್ಲಿ ಒಂದರ ನೆತ್ತಿಯಲ್ಲಿ ಅಡಿಯ ಶೀಟಿನ ಅಂಚು ಮುಗಿದಿರುತ್ತದೆ, ಅದಕ್ಕೆ ಹೊಡೆಯಬೇಡಿ. ಮೇಲಿನ ಶೀಟಿನ ಅಂಚಿಗೆ ಹತ್ತಿರವಿರುವ ಇನ್ನೊಂದು ಉಬ್ಬಿಗೆ ಹೊಡೆದರೆ ಎರಡೂ ತಗಡು ಪೂರ್ತಿಯಾಗಿ ಸಿಗುತ್ತವೆ.

ಎಷ್ಟು ಬಿಗಿ ಮಾಡಬೇಕು?

ಇದೊಂದನ್ನು ಕೆಲಸದ ದಿನ ಖುದ್ದು ನಿಂತು ನೋಡಿ. ಸರಿಯಾಗಿ ಕೂತ ಸ್ಕ್ರೂನಲ್ಲಿ ಲೋಹದ ಬಿಲ್ಲೆಯ ಅಂಚಿನ ಸುತ್ತ ರಬ್ಬರ್ ಸ್ವಲ್ಪವೇ ಕಾಣುವಂತೆ ಉಬ್ಬಿರುತ್ತದೆ, ಸುತ್ತಲೂ ಒಂದೇ ಸಮ. ಬೆರಳಿನಿಂದ ಬಿಲ್ಲೆ ತಿರುಗಿಸಲು ನೋಡಿದರೆ ತಿರುಗಬಾರದು.

ರಬ್ಬರ್ ಕಿವಿಗಳಂತೆ ಆಚೆ ಚಿಮ್ಮಿದ್ದರೆ, ಬಿಲ್ಲೆ ಬಟ್ಟಲಿನಂತೆ ಮಗುಚಿದ್ದರೆ ಬಿಗಿ ಜಾಸ್ತಿ. ಉಬ್ಬಿನ ನೆತ್ತಿ ಸ್ಕ್ರೂ ಸುತ್ತ ಗುಳಿ ಬಿದ್ದಿದ್ದರಂತೂ ಅದು ಪುಟ್ಟ ಬೋಗುಣಿ. ಪ್ರತಿ ಮಳೆಗೂ ತೂತಿನ ಸುತ್ತ ನೀರು ನಿಲ್ಲುತ್ತದೆ. ಉಬ್ಬಿನ ಕೆಳಗೆ ಟೊಳ್ಳು ಇರುವುದರಿಂದ ಗುಳಿ ಬೀಳುವುದು ಬಹಳ ಸುಲಭ. ಇಂಪ್ಯಾಕ್ಟ್ ಡ್ರೈವರ್ ಎಂಬ ಹೊಡೆತ ಕೊಡುವ ಮಿಷನ್ ಬಳಸುವವರ ಕೈಯಲ್ಲಿ ಹೀಗಾಗುವುದು ಹೆಚ್ಚು. ಬಿಗಿ ಹೊಂದಿಸುವ ಕ್ಲಚ್ ಇರುವ ಡ್ರಿಲ್ ಮಿಷನ್ ತರಲು ಹೇಳಿ. ಒಂದೆರಡು ಸ್ಕ್ರೂ ಹೊಡೆದು ಕ್ಲಚ್ ಹೊಂದಿಸಿಕೊಂಡು ಆಮೇಲೆ ಮುಂದುವರಿಯಲಿ.

ಇನ್ನೊಂದು ತಪ್ಪು ಓರೆ. ಸ್ಕ್ರೂ ಓರೆಯಾಗಿ ಇಳಿದರೆ ರಬ್ಬರ್ ಒಂದು ಪಕ್ಕ ಜಜ್ಜಿ, ಇನ್ನೊಂದು ಪಕ್ಕ ತಗಡಿಗೆ ಮುಟ್ಟಿಯೇ ಇರುವುದಿಲ್ಲ. ಹೊಡೆಯುವವರು ಚಾಚಿ ಹೊಡೆಯದೆ, ಸ್ಕ್ರೂ ಎದುರಿಗೇ ಕೂತು ಹೊಡೆಯಬೇಕು. ಪರ್ಲಿನ್ ಎಲ್ಲಿದೆ ಎಂದು ಊಹಿಸಿ ಹೊಡೆದು ಗುರಿ ತಪ್ಪಿದ ತೂತುಗಳೂ ಸೋರಿಕೆಯೇ. ಎರಡೂ ತುದಿಯಲ್ಲಿ ಪರ್ಲಿನ್ ನೋಡಿಕೊಂಡು ದಾರಕ್ಕೆ ಬಣ್ಣದ ಪುಡಿ ಹಚ್ಚಿ ಶೀಟಿನ ಮೇಲೆ ಗೆರೆ ಹೊಡೆದುಕೊಂಡರೆ ಆ ತೊಂದರೆ ಇಲ್ಲ.

ಒಟ್ಟು ಎಷ್ಟು ಸ್ಕ್ರೂ ಬೇಕು?

ಗಾಳಿ ಎತ್ತುವುದು ಅಂಚುಗಳನ್ನು. ಹಾಗಾಗಿ ಸೂರು, ನಡುವಿನ ಓವರ್‌ಲ್ಯಾಪ್, ಮೇಲ್ತುದಿ, ಈ ಮೂರು ಪರ್ಲಿನ್ ಮೇಲೆ ಒಂದು ಉಬ್ಬು ಬಿಟ್ಟು ಒಂದಕ್ಕೆ, ಶೀಟಿನ ಅಗಲಕ್ಕೆ ಐದರಂತೆ. ಉಳಿದ ಎರಡು ಪರ್ಲಿನ್ ಮೇಲೆ ಮೂರು ಉಬ್ಬಿಗೊಂದು, ಅಂದರೆ ಮೂರರಂತೆ. ಸೂರಿನಿಂದ ತುದಿಯವರೆಗಿನ ಒಂದು ಜೋಡಿಗೆ 21, ಹದಿಮೂರು ಜೋಡಿಗೆ 273, ಕೊನೆಯ ಶೀಟಿನ ಹೊರ ಅಂಚಿಗೆ ಇನ್ನೈದು ಸೇರಿ 278.

ಇದರ ಜೊತೆ ಎರಡು ಪರ್ಲಿನ್ ನಡುವಿನ ಅಂತರದಲ್ಲಿ ಅಕ್ಕಪಕ್ಕದ ಶೀಟುಗಳನ್ನು ಒಂದಕ್ಕೊಂದು ಹೊಲಿಯುವ ಗಿಡ್ಡ ಸ್ಕ್ರೂ ಬೇಕು. ಪ್ರತಿ ಅಂತರದ ನಡುಮಧ್ಯೆ ಒಂದು: ಹನ್ನೆರಡು ಸೇರುವೆ, ನಾಲ್ಕು ಅಂತರ, 48 ಸ್ಕ್ರೂ. ಇದನ್ನು ಬಿಡುವವರೇ ಹೆಚ್ಚು. ಬಿಟ್ಟರೆ ಬಿರುಗಾಳಿಯಲ್ಲಿ ಶೀಟಿನ ಅಂಚು ಪಟಪಟ ಬಡಿದು ಬಾಯಿ ಬಿಡುತ್ತದೆ. ಓವರ್‌ಲ್ಯಾಪ್ ಸರಿಯಿದ್ದರೂ ನೀರು ಒಳಗೆ ಬರುತ್ತದೆ.

ಕೆಲಸ ಯಾವಾಗ ಮಾಡಿಸುವುದು ಒಳ್ಳೆಯದು?

ಬೇಸಗೆಯಾದರೆ ಬೆಳಗ್ಗೆ ಇಬ್ಬನಿ ಆರಿದ ತಕ್ಷಣ ಶುರು ಮಾಡಿ. ಮೇ ತಿಂಗಳ ಬಿರುಗಾಳಿ ಮಧ್ಯಾಹ್ನದ ಮೇಲೆ ಏಳುತ್ತದೆ. ಅಷ್ಟರೊಳಗೆ ಮೇಲಿಟ್ಟ ಪ್ರತಿ ಶೀಟಿಗೂ ಎಲ್ಲ ಸ್ಕ್ರೂ ಬಿದ್ದಿರಬೇಕು. ನಾಲ್ಕು ಮೂಲೆಗೆ ಮಾತ್ರ ಹೊಡೆದು ಬಿಟ್ಟ ಶೀಟು ಗಾಳಿಗೆ ಹಾರಿದರೆ ಮನುಷ್ಯರಿಗೂ ದನಕ್ಕೂ ಅಪಾಯ.

ಸಂಜೆ ಇಳಿಯುವ ಮೊದಲು ಶೀಟಿನ ಮೇಲೆ ಬಿದ್ದ ಕಬ್ಬಿಣದ ಚೂರುಗಳನ್ನು ಮೆತ್ತನೆಯ ಪೊರಕೆಯಿಂದ ಗುಡಿಸಿ. ಕೊರೆದಾಗ ಬಂದ ಆ ಸುರುಳಿಗಳು ಒಂದೇ ಇಬ್ಬನಿಗೆ ತುಕ್ಕು ಹಿಡಿದು, ಅಂಟಿಕೊಂಡ ಜಾಗದಲ್ಲಿ ಶೀಟಿನ ಲೇಪವನ್ನೂ ಕೆಡಿಸುತ್ತವೆ.

ಪರ್ಲಿನ್ ಮರದ್ದಾದರೆ?

ನೀಲಗಿರಿ, ಸಿಲ್ವರ್ ಓಕ್ ತುಂಡುಗಳಿಗೆ ಡ್ರಿಲ್ ಮೊನೆಯ ಸ್ಕ್ರೂ ಬೇಡ, ಅದು ಮರವನ್ನು ಕೊರೆದು ಹಾಕುತ್ತದೆ, ಹಿಡಿತ ಉಳಿಯುವುದಿಲ್ಲ. ಚೂಪು ಮೊನೆಯ, ದೊರಗು ತಿರುಪಿನ ಮರದ ಸ್ಕ್ರೂ ತನ್ನಿ. ಮರದೊಳಗೆ ಒಂದೂವರೆ ಇಂಚು ಇಳಿಯುವಷ್ಟು ಉದ್ದ ಇರಲಿ. ಹಸಿ ಮರಕ್ಕೆ ಹೊಡೆಯಬೇಡಿ. ಒಣಗಿ ಕುಗ್ಗಿದಾಗ ಎಲ್ಲ ಸ್ಕ್ರೂ ಸಡಿಲವಾಗುತ್ತವೆ.

ಸಿಮೆಂಟ್ ಶೀಟಿಗೂ ಇದೇ ಕ್ರಮವೆ?

ಇಲ್ಲ. ಅದಕ್ಕೆ 8 ಮಿ.ಮೀ. ಜೆ ಹುಕ್ಕು, ಟಾರಿನ ವಾಷರ್, ಅದರ ಮೇಲೆ ಜಿಂಕ್ ವಾಷರ್. ತೂತನ್ನು ಹುಕ್ಕಿಗಿಂತ 2 ಮಿ.ಮೀ. ದೊಡ್ಡದಾಗಿ ಡ್ರಿಲ್‌ನಲ್ಲೇ ಹಾಕಬೇಕು, ಮೊಳೆಯಿಂದ ಬಡಿದರೆ ಒಳಗಡೆ ಸಿಡಿಯುತ್ತದೆ. ನಟ್ಟು ಪೂರ್ತಿ ಬಿಗಿ ಮಾಡಬಾರದು. ನಾಲ್ಕು ಮೂಲೆ ಸೇರುವಲ್ಲಿ ಎದುರುಬದುರಿನ ಎರಡು ಮೂಲೆ ಓರೆಯಾಗಿ ಕತ್ತರಿಸಲೇಬೇಕು. ಹಳೆಯ ಸಿಮೆಂಟ್ ಶೀಟು ಕಲ್ನಾರಿನದ್ದು. ಕೊರೆಯುವಾಗ ನೀರು ಹಾಕಿ, ಧೂಳು ಏಳದಂತೆ ನೋಡಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.

ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ?

ಹನಿ ಬೀಳುವ ಜಾಗದ ನೇರ ಮೇಲೆ ಹುಡುಕಬೇಡಿ. ಒಳಗೆ ಬಂದ ನೀರು ಶೀಟಿನ ಅಡಿಗೆ ಅಂಟಿಕೊಂಡು ಇಳಿದು, ಪರ್ಲಿನ್ ಸಿಕ್ಕಿದ ಕಡೆ ಹನಿಯುತ್ತದೆ. ತೊಂದರೆ ಇರುವುದು ಅದಕ್ಕಿಂತ ಮೇಲೆ, ಒಮ್ಮೊಮ್ಮೆ ಮೂರ್ನಾಲ್ಕು ಅಡಿ ಮೇಲೆ. ಬಿಸಿಲಿನಲ್ಲಿ ಒಳಗೆ ನಿಂತು ನೋಡಿ, ಸಡಿಲ ಸ್ಕ್ರೂ ಸುತ್ತ ಬೆಳಕಿನ ಚುಕ್ಕೆ ಕಾಣುತ್ತದೆ. ಹಾಗೆ ಕಾಣದಿದ್ದರೆ ಒಬ್ಬರು ಒಳಗೆ ನಿಲ್ಲಲಿ, ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಲಿ. ಸೂರಿನಿಂದ ಶುರು ಮಾಡಿ, ಪ್ರತಿ ಪರ್ಲಿನ್ ಮಟ್ಟದಲ್ಲಿ ಹತ್ತು ನಿಮಿಷ ಬಿಟ್ಟು, ಆಮೇಲೆ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲ ಕಡೆ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ.

ಡಿಸೆಂಬರ್‌ನಲ್ಲಿ ಮಳೆಯೇ ಇಲ್ಲ, ಬೆಳಗ್ಗೆ ಕೊಟ್ಟಿಗೆಯೊಳಗೆ ಹನಿ ಬೀಳುತ್ತದೆ. ಇದೂ ಸೋರಿಕೆಯೆ?

ಅಲ್ಲ. ನಂದಿಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಚಳಿಗಾಲದ ರಾತ್ರಿ ತಗಡು ತಣ್ಣಗಾಗುತ್ತದೆ. ದನಗಳ ಉಸಿರು, ಗಂಜಲದ ತೇವ ಅದರ ಅಡಿಯಲ್ಲಿ ಹನಿಗಟ್ಟುತ್ತದೆ. ಗುರುತು ಸುಲಭ: ಹನಿ ಒಂದು ಜಾಗದಲ್ಲಲ್ಲ, ಶೀಟಿನ ಅಡಿಯುದ್ದಕ್ಕೂ ಇರುತ್ತದೆ, ಬಿಸಿಲೇರಿದ ಮೇಲೆ ನಿಲ್ಲುತ್ತದೆ. ಸ್ಕ್ರೂಗೂ ಇದಕ್ಕೂ ಸಂಬಂಧವಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಗಾಳಿಯಾಡಲು ಜಾಗ ಬಿಡಿಸಿ.

ಹಳೆಯ ಸ್ಕ್ರೂ ಸಡಿಲವಾಗಿ ಸೋರುತ್ತಿದೆ. ಮೇಲೆ ಸಿಲಿಕೋನ್ ಬಳಿದರೆ ಸಾಕಲ್ಲವೆ?

ಒಂದು ಮಳೆಗಾಲ ತಡೆಯಬಹುದು, ಅಷ್ಟೆ. ಬಿಸಿಲಿಗೆ ತಗಡು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 40 ಡಿಗ್ರಿ ವ್ಯತ್ಯಾಸಕ್ಕೆ 8 ಅಡಿಯ ಶೀಟು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಉದ್ದವಾಗುತ್ತದೆ. ದಿನವೂ ನಡೆಯುವ ಈ ಎಳೆದಾಟಕ್ಕೆ ಸ್ಕ್ರೂ ಸುತ್ತಲಿನ ತೂತು ಉದ್ದುದ್ದ ಆಗಿರುತ್ತದೆ, ಮೇಲೆ ಬಳಿದ ಅಂಟು ಅಂಚಿನಲ್ಲಿ ಬಿಡುತ್ತದೆ. ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಅಂತೂ ಬೇಡವೇ ಬೇಡ, ಅದು ಜಿಂಕ್ ಲೇಪವನ್ನು ತಿನ್ನುತ್ತದೆ. ಹಚ್ಚಲೇಬೇಕಾದರೆ ನ್ಯೂಟ್ರಲ್ ಎಂದು ಬರೆದಿರುವುದನ್ನು ತನ್ನಿ.

ಸರಿಯಾದ ರಿಪೇರಿ ಸ್ಕ್ರೂ ಬದಲಿಸುವುದು. ಮೊದಲು ಹಳೆಯದನ್ನು ಬಿಚ್ಚಿ ನೋಡಿ. ಬಿಚ್ಚುವಾಗ ಬಿಗಿಯಿತ್ತು, ರಬ್ಬರ್ ಮಾತ್ರ ಸೀಳಿದೆ ಎಂದಾದರೆ ಅದೇ ಅಳತೆಯ ಹೊಸ ಸ್ಕ್ರೂ ಸಾಕು. ಸುಮ್ಮನೆ ಸುತ್ತುತ್ತಿದ್ದರೆ ಪರ್ಲಿನ್‌ನ ತೂತು ಸವೆದಿದೆ. ಆಗ 14 ನಂಬರಿನ ದಪ್ಪ ಸ್ಕ್ರೂ, ಅಗಲ ವಾಷರ್ ಜೊತೆ ಹಾಕಿ. ಅದೂ ಹಿಡಿಯದಿದ್ದರೆ ಪರ್ಲಿನ್ ತುಕ್ಕು ಹಿಡಿದು ತೆಳುವಾಗಿದೆ ಎಂದರ್ಥ. ಒಳಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಪದರು ಉದುರುತ್ತದೆ. ಕೊಟ್ಟಿಗೆಗಳಲ್ಲಿ ಗಂಜಲದ ಘಾಟಿನಿಂದ ಇದು ಬೇಗ ಆಗುತ್ತದೆ. ಅಂಥ ಪೈಪಿನ ಪಕ್ಕಕ್ಕೆ ಹೊಸ ಪೈಪು ಬೆಸೆದು, ಅದಕ್ಕೆ ಹೊಸ ಸಾಲು ಸ್ಕ್ರೂ ಹೊಡೆದು, ಹಳೆಯ ತೂತುಗಳನ್ನು ವಾಷರ್ ಇರುವ ಗಿಡ್ಡ ಸ್ಕ್ರೂನಿಂದ ಮುಚ್ಚಬೇಕು.